ಕಾರಿಗೆ ಬೇರೆಯದೇ ಲೈನ್

ಎಲೆಕ್ಟ್ರಿಕ್ ಕಾರು ಮನೆಗೆ ಬರುವ ವಾರ ಎಲೆಕ್ಟ್ರಿಷಿಯನ್‌ಗೆ ಎದುರಾಗುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: “ಗೀಸರ್ ಪಾಯಿಂಟ್ ಇದೆಯಲ್ಲಪ್ಪಾ, ಅದರಿಂದಲೇ ಪೋರ್ಟಿಕೋಗೆ ಒಂದು ಎಳೆದುಬಿಡು.” ಕೇಳುವವರ ಲೆಕ್ಕ ತೀರಾ ತಪ್ಪೂ ಅಲ್ಲ. ಗೀಸರ್ 2,000 ವ್ಯಾಟ್ ಎಳೆಯುತ್ತದೆ, ಕಾರಿನ ಜೊತೆ ಬರುವ ಚಿಕ್ಕ ಚಾರ್ಜರ್ 3,300 ವ್ಯಾಟ್ ಎಳೆಯುತ್ತದೆ. ಎರಡೂ 16 ಆಂಪಿಯರ್ ಪ್ಲಗ್‌ಗೇ ಕೂರುತ್ತವೆ. ಹಾಗಿದ್ದಮೇಲೆ ತೊಂದರೆ ಏನು?

ತೊಂದರೆ ಇರುವುದು ಹೊತ್ತಿನಲ್ಲಿ. ಗೀಸರ್ ಕಾಲು ಗಂಟೆ ಉರಿದು, ನೀರು ಕಾದ ಕೂಡಲೇ ಒಳಗಿನ ಥರ್ಮೋಸ್ಟಾಟ್ ಅದನ್ನು ನಿಲ್ಲಿಸುತ್ತದೆ. ಅಷ್ಟರಲ್ಲಿ ಗೋಡೆಯೊಳಗಿನ ವೈರ್ ಬಿಸಿಯಾಗಲು ಶುರುವಾಗಿರುತ್ತದೆ ಅಷ್ಟೇ, ಪೂರ್ತಿ ಕಾಯುವ ಮೊದಲೇ ತಣಿಯುವುದಕ್ಕೆ ಸಮಯ ಸಿಗುತ್ತದೆ. ಕಾರು ಹಾಗಲ್ಲ. ರಾತ್ರಿ ಹತ್ತಕ್ಕೆ ಸಿಕ್ಕಿಸಿದರೆ ಬೆಳಗಿನ ಜಾವದವರೆಗೂ ಒಂದೇ ಸಮನೆ ಅಷ್ಟೇ ಕರೆಂಟ್ ಎಳೆಯುತ್ತಿರುತ್ತದೆ. ವೈರ್, ಸ್ವಿಚ್, ಪ್ಲಗ್ಗಿನ ಪಿನ್, ಎಂಸಿಬಿಯ ಸ್ಕ್ರೂ ಎಲ್ಲವೂ ತಾವು ಏರಬಹುದಾದ ಕೊನೆಯ ಬಿಸಿಯವರೆಗೆ ಏರಿ, ಅಲ್ಲೇ ಗಂಟೆಗಟ್ಟಲೆ ನಿಲ್ಲುತ್ತವೆ. ಹತ್ತು ವರ್ಷ ಗೀಸರನ್ನು ಸರಾಗವಾಗಿ ನಡೆಸಿದ ಪಾಯಿಂಟ್ ಕಾರು ಬಂದ ತಿಂಗಳಲ್ಲೇ ಕಂದಾಗಿ, ಪ್ಲಾಸ್ಟಿಕ್ ಸುಟ್ಟ ವಾಸನೆ ಬರುವುದು ಇದರಿಂದಲೇ.

ಇನ್ನೊಂದು ಕಾರಣವೂ ಇದೆ. ನಮ್ಮ ಹಳೆಯ ಮನೆಗಳಲ್ಲಿ ಪವರ್ ಪಾಯಿಂಟ್‌ಗಳಿಗೆ ಹೆಚ್ಚಾಗಿ 2.5 ಸ್ಕ್ವೇರ್ ಎಂಎಂ ವೈರ್ ಹಾಕಿರುತ್ತಾರೆ. ಅದರಲ್ಲೂ ಅಡುಗೆಮನೆಯಿಂದ ವಾಷಿಂಗ್ ಮೆಷಿನ್‌ಗೆ, ಅಲ್ಲಿಂದ ಬಚ್ಚಲಿಗೆ ಎಂದು ಒಂದರಿಂದ ಇನ್ನೊಂದಕ್ಕೆ ಲೂಪ್ ಕೊಟ್ಟಿರುತ್ತಾರೆ. ಯಾವ ಗೋಡೆಯೊಳಗೆ ಎಷ್ಟು ಕಡೆ ವೈರ್ ತಿರುಚಿ ಟೇಪ್ ಸುತ್ತಿದ್ದಾರೆ ಎಂಬುದು ಅಂದು ಕೆಲಸ ಮಾಡಿದವರಿಗೆ ಮಾತ್ರ ಗೊತ್ತು. ಅದಕ್ಕೇ ಕಾರಿನ ಲೈನ್ ಮೀಟರ್ ಬೋರ್ಡಿನಿಂದ ಹೊರಟು, ನಡುವೆ ಎಲ್ಲೂ ಕವಲೊಡೆಯದೆ, ಎಲ್ಲೂ ಜಾಯಿಂಟ್ ಇಲ್ಲದೆ, ನೇರ ಚಾರ್ಜರ್‌ಗೇ ಹೋಗಬೇಕು. ಚಾರ್ಜಿಂಗ್ ಸ್ಥಳಗಳಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ ಮಾಡಿರುವ ಸುರಕ್ಷತಾ ನಿಯಮಗಳೂ ಇದನ್ನೇ ಹೇಳುತ್ತವೆ: ಪ್ರತಿ ಚಾರ್ಜಿಂಗ್ ಪಾಯಿಂಟ್‌ಗೂ ಅದರದೇ ಸರ್ಕ್ಯೂಟ್, ಅದರದೇ ಬ್ರೇಕರ್.

ಮಾತು ಗಾಳಿಯಲ್ಲಿ ಉಳಿಯದಿರಲು ಒಂದು ಮನೆಯನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಮೈಸೂರಿನ ಯಾವುದಾದರೂ ಬಡಾವಣೆಯ 30×40 ಸೈಟಿನ ಮನೆ ಎಂದಿಟ್ಟುಕೊಳ್ಳಿ. ಸಿಂಗಲ್ ಫೇಸ್, ಮಂಜೂರಾದ ಲೋಡ್ 3 ಕಿಲೋವ್ಯಾಟ್. ಮೀಟರ್ ಬೋರ್ಡ್ ಪಕ್ಕದ ಓಣಿಯಲ್ಲಿ, ಕಾರು ನಿಲ್ಲುವುದು ಮುಂದಿನ ಪೋರ್ಟಿಕೋದಲ್ಲಿ. ಪೈಪ್ ಹಾಯುವ ದಾರಿಯನ್ನು ಅಳೆದರೆ 20 ಮೀಟರ್. ಮನೆಯವರಿಗೆ 7.2 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ ಬೇಕಾಗಿದೆ.

ವೈರ್ ಕೊಳ್ಳುವ ಮುಂಚೆ ಎರಡು ಪ್ರಶ್ನೆ ಇತ್ಯರ್ಥವಾಗಬೇಕು. ಮೊದಲನೆಯದು, ಅಷ್ಟು ದೊಡ್ಡ ಚಾರ್ಜರ್ ನಿಜಕ್ಕೂ ಬೇಕೇ? ಗೋಡೆಯ ಮೇಲಿನ ಪೆಟ್ಟಿಗೆಯನ್ನು ಚಾರ್ಜರ್ ಎಂದು ಕರೆದರೂ, ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿಗೆ ಬದಲಿಸುವ ಅಸಲಿ ಚಾರ್ಜರ್ ಕಾರಿನೊಳಗೇ ಇರುತ್ತದೆ. ಅದರ ಸಾಮರ್ಥ್ಯ 3.3 ಕಿಲೋವ್ಯಾಟ್ ಆಗಿದ್ದರೆ ಗೋಡೆಗೆ ಎಷ್ಟೇ ದೊಡ್ಡದನ್ನು ಕೂರಿಸಿದರೂ ಕಾರು 3.3ಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಈ ಅಂಕಿ ಇರುತ್ತದೆ. ಇನ್ನು ಓಡಾಟದ ಲೆಕ್ಕ: ದಿನಕ್ಕೆ 40 ಕಿಲೋಮೀಟರ್ ಓಡುವ ಕಾರಿಗೆ, ಯೂನಿಟ್‌ಗೆ 6 ಕಿಲೋಮೀಟರ್ ಹಿಡಿದರೆ, ಸೋರಿಕೆಯೂ ಸೇರಿ ಸುಮಾರು 8 ಯೂನಿಟ್ ಸಾಕು. 3.3 ಕಿಲೋವ್ಯಾಟ್‌ನಲ್ಲಿ ಅದು ಎರಡೂವರೆ ಗಂಟೆಯ ಕೆಲಸ. ರಾತ್ರಿ ಎಂಟು ಗಂಟೆ ಸಿಕ್ಕರೆ ನೂರ ನಲವತ್ತು ಕಿಲೋಮೀಟರ್ ಓಟಕ್ಕೆ ಬೇಕಾದಷ್ಟು ತುಂಬುತ್ತದೆ. ಊರೊಳಗೆ ಓಡಾಡುವ ಬಹುಪಾಲು ಸಂಸಾರಗಳಿಗೆ 3.3 ಕಿಲೋವ್ಯಾಟ್‌ನ ಒಂದು ಒಳ್ಳೆಯ ಲೈನ್ ಧಾರಾಳವಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. 7.2 ಬೇಕಾಗುವುದು ದಿನಾ ದೂರ ಓಡುವವರಿಗೆ, ಇಲ್ಲವೇ ಒಂದೇ ಮನೆಯಲ್ಲಿ ಎರಡು ಕಾರು ಇರುವವರಿಗೆ.

ಎರಡನೆಯ ಪ್ರಶ್ನೆ ಮಂಜೂರಾದ ಲೋಡಿನದು. 3 ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ 7.2 ಕಿಲೋವ್ಯಾಟ್ ಎಳೆಯುವುದು ನಿಯಮಕ್ಕೂ ಒಪ್ಪದು, ಕಂಬದಿಂದ ಬರುವ ಸರ್ವಿಸ್ ವೈರ್‌ಗೂ ಒಪ್ಪದು. ಬೆಳಿಗ್ಗೆ ಆರಕ್ಕೆ ಕಾರು ಇನ್ನೂ ಚಾರ್ಜ್ ಆಗುತ್ತಿರುವಾಗಲೇ ಗೀಸರ್ ಹಾಕಿ, ಸಂಪ್‌ನ ಮೋಟರ್ ಹಾಕಿ, ಇಸ್ತ್ರಿಪೆಟ್ಟಿಗೆಯನ್ನೂ ಹಚ್ಚಿದರೆ ಒಟ್ಟು 45ರಿಂದ 50 ಆಂಪಿಯರ್ ಮುಟ್ಟುತ್ತದೆ. ಸರ್ವಿಸ್ ವೈರ್ ಮತ್ತು ಮೀಟರ್ ನಮ್ಮ ಎಲೆಕ್ಟ್ರಿಷಿಯನ್ ಮುಟ್ಟುವಂಥವಲ್ಲ. ಆದ್ದರಿಂದ ವಿದ್ಯುತ್ ಕಂಪನಿಯ ಕಚೇರಿಯಲ್ಲಿ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕುವುದು, ಬೇಕಿದ್ದರೆ ತ್ರೀ ಫೇಸ್‌ಗೆ ಬದಲಾಯಿಸಿಕೊಳ್ಳುವುದು ಗೋಡೆ ಕೊರೆಯುವುದಕ್ಕೆ ಮೊದಲು ಆಗಬೇಕಾದ ಕೆಲಸ. ತ್ರೀ ಫೇಸ್ ಬಂದರೆ, ಗೀಸರ್ ಮತ್ತು ಮೋಟರ್ ಇಲ್ಲದ ಫೇಸಿಗೆ ಕಾರನ್ನು ಹಾಕುವುದು ಜಾಣತನ.

ಇದೆಲ್ಲ ಆಯಿತು ಎಂದುಕೊಂಡು ಬ್ರೇಕರ್‌ಗೆ ಬರೋಣ. 7,200 ವ್ಯಾಟನ್ನು 230 ವೋಲ್ಟ್‌ನಿಂದ ಭಾಗಿಸಿದರೆ 31.3 ಆಂಪಿಯರ್. ಅಂಗಡಿಯಲ್ಲಿ ಇದನ್ನೇ 32 ಆಂಪಿಯರ್ ಚಾರ್ಜರ್ ಎನ್ನುತ್ತಾರೆ. ಹಾಗಾದರೆ 32ರ ಎಂಸಿಬಿ ಸಾಕಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಎಂಸಿಬಿಯ ಮೇಲೆ ಬರೆದ ಅಂಕಿ 30 ಡಿಗ್ರಿ ಬಿಸಿಯಲ್ಲಿ ಅಳೆದದ್ದು. ಅದರೊಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಇರುತ್ತದೆ. ಕರೆಂಟ್ ಹರಿದು ಬಿಸಿಯಾದಾಗ ಆ ಪಟ್ಟಿ ಬಾಗಿ, ಸ್ವಿಚ್ ಬೀಳುವಂತೆ ಮಾಡುತ್ತದೆ. ಬೇಸಿಗೆಯಲ್ಲಿ ಮುಚ್ಚಿದ ಡಿಬಿ ಪೆಟ್ಟಿಗೆಯೊಳಗೆ 45 ಡಿಗ್ರಿ ಆಗುವುದು ಅಪರೂಪವಲ್ಲ. ಆ ಬಿಸಿಯಲ್ಲಿ ಪಟ್ಟಿ ಮೊದಲೇ ಅರ್ಧ ಬಾಗಿರುವುದರಿಂದ 32ರ ಎಂಸಿಬಿ ಮಧ್ಯರಾತ್ರಿಯಲ್ಲಿ ಸುಮ್ಮಸುಮ್ಮನೆ ಬೀಳುತ್ತದೆ, ಬೆಳಿಗ್ಗೆ ನೋಡಿದರೆ ಕಾರು ಅರ್ಧಕ್ಕೇ ನಿಂತಿರುತ್ತದೆ. ಅದಕ್ಕೇ 32 ಆಂಪಿಯರ್ ಚಾರ್ಜರ್‌ಗೆ 40ರ, ಫೇಸ್ ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಡಬಲ್ ಪೋಲ್ ಎಂಸಿಬಿ ಹಾಕುವುದು ರೂಢಿ. 16 ಆಂಪಿಯರ್ ಚಾರ್ಜರ್‌ಗೆ 20ರದು.

ಬ್ರೇಕರ್ ಯಾರನ್ನು ಕಾಯುತ್ತದೆ ಎಂಬುದು ಇಲ್ಲಿ ಸ್ಪಷ್ಟವಾಗಬೇಕು. ಅದು ಕಾರನ್ನು ಕಾಯುವುದಿಲ್ಲ, ಮುಟ್ಟಿದ ಮನುಷ್ಯನನ್ನೂ ಕಾಯುವುದಿಲ್ಲ. ಅದು ಕಾಯುವುದು ತನ್ನ ಮುಂದಿರುವ ವೈರನ್ನು ಮಾತ್ರ. 40ರ ಎಂಸಿಬಿ 40 ದಾಟಿದ ಕ್ಷಣವೇ ಬೀಳುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ತಯಾರಿಕೆಯ ಮಾನದಂಡದ ಪ್ರಕಾರ ಅದು 45 ಆಂಪಿಯರನ್ನು ಒಂದು ಗಂಟೆಯಾದರೂ ಬೀಳದೆ ತಡೆದುಕೊಳ್ಳಬೇಕು. 58 ಆಂಪಿಯರ್ ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು. ಹೀಗಿರುವಾಗ ಬ್ರೇಕರ್ ದೊಡ್ಡದಾದರೆ ವೈರೂ ಅದಕ್ಕೆ ತಕ್ಕಂತೆ ದಪ್ಪವಾಗಲೇಬೇಕು. ಪದೇಪದೇ ಬೀಳುತ್ತದೆ ಎಂದು 32ನ್ನು ತೆಗೆದು 40ನ್ನು ಹಾಕಿ, ಗೋಡೆಯೊಳಗಿನ ಸಣ್ಣ ವೈರನ್ನು ಹಾಗೇ ಬಿಡುವುದು ಬೆಂಕಿಗೆ ದಾರಿ. ಆಮೇಲೆ ಎಂಸಿಬಿ ಬೀಳದಿರುವುದನ್ನು ಕಂಡು ಮನೆಯವರು ಸರಿಹೋಯಿತು ಎಂದುಕೊಳ್ಳುತ್ತಾರೆ.

ವೈರ್‌ನ ದಪ್ಪಕ್ಕೆ ಬಂದರೆ, ಅಂಗಡಿಯವರು ಬಾಯಿಪಾಠದಂತೆ “32 ಆಂಪಿಯರ್‌ಗೆ 6 ಸ್ಕ್ವೇರ್ ಎಂಎಂ ತಗೊಳ್ಳಿ” ಎನ್ನುತ್ತಾರೆ. ನಮ್ಮ ಮನೆಯ ಲೆಕ್ಕದಲ್ಲಿ ಅದು ನಿಲ್ಲುತ್ತದೆಯೇ ನೋಡೋಣ. ಮನೆಗಳಲ್ಲಿ ಬಳಸುವ ಪಿವಿಸಿ ಹೊದಿಕೆಯ 6 ಸ್ಕ್ವೇರ್ ಎಂಎಂ ತಾಮ್ರದ ವೈರನ್ನು ಪೈಪಿನೊಳಗೆ ಎಳೆದಾಗ, ಸುತ್ತಲಿನ ಬಿಸಿ 30 ಡಿಗ್ರಿ ಇದ್ದರೆ ಅದು 41 ಆಂಪಿಯರ್ ಹೊರುತ್ತದೆ. ಆದರೆ ಬಿಸಿಲು ಬೀಳುವ ಗೋಡೆಯೊಳಗೆ 30 ಡಿಗ್ರಿ ಎಲ್ಲಿಂದ ಬರಬೇಕು? 40 ಡಿಗ್ರಿ ಎಂದು ಹಿಡಿದರೆ ಹೊರುವ ಶಕ್ತಿ ಶೇಕಡ 13ರಷ್ಟು ಕುಗ್ಗಿ 36ಕ್ಕೆ ಇಳಿಯುತ್ತದೆ. ಮುಂದಿರುವ ಬ್ರೇಕರ್ 40ರದು. ಅಂದರೆ ವೈರ್ ತನ್ನ ಮಿತಿ ದಾಟಿದರೂ ಬ್ರೇಕರ್‌ಗೆ ಅದು ತಿಳಿಯುವುದೇ ಇಲ್ಲ. 10 ಸ್ಕ್ವೇರ್ ಎಂಎಂ ಆದರೆ 30 ಡಿಗ್ರಿಯಲ್ಲಿ 57, 40 ಡಿಗ್ರಿಯಲ್ಲಿ ಸುಮಾರು 50 ಆಂಪಿಯರ್. ಇದು 40ರ ಬ್ರೇಕರ್‌ಗೆ ನೆಮ್ಮದಿಯ ಜೋಡಿ. ಹಾಗಾಗಿ ನಮ್ಮ ಮನೆಗೆ 10 ಸ್ಕ್ವೇರ್ ಎಂಎಂ.

3.3 ಕಿಲೋವ್ಯಾಟ್ ಲೈನಿಗೂ ಇದೇ ತರ್ಕ. 2.5 ಸ್ಕ್ವೇರ್ ಎಂಎಂ ವೈರ್ 40 ಡಿಗ್ರಿಯಲ್ಲಿ 21 ಆಂಪಿಯರ್ ಹೊರುತ್ತದೆ, ಬ್ರೇಕರ್ 20ರದು. ಕಾಗದದ ಮೇಲೆ ಪಾಸಾದರೂ ಎಡೆಯೇ ಉಳಿಯಲಿಲ್ಲ. 4 ಸ್ಕ್ವೇರ್ ಎಂಎಂ ಹಾಕಿದರೆ 28ರವರೆಗೆ ಹೊರುತ್ತದೆ. ಕೆಲವೇ ನೂರು ರೂಪಾಯಿಗಳ ವ್ಯತ್ಯಾಸಕ್ಕೆ ಸಿಗುವ ಈ ಎಡೆಯನ್ನು ಬಿಡಬಾರದು.

ಪೈಪಿನ ವಿಷಯದಲ್ಲೂ ಒಂದು ಎಚ್ಚರ ಬೇಕು. ಮೇಲಿನ ಅಂಕಿಗಳೆಲ್ಲ ಪೈಪಿನಲ್ಲಿ ಕಾರಿನ ಲೈನ್ ಒಂದೇ ಇದ್ದಾಗಿನವು. ಅದೇ ಪೈಪಿನಲ್ಲಿ ಬೋರ್‌ವೆಲ್ ಮೋಟರ್‌ನ ವೈರನ್ನೂ ತೂರಿಸಿದರೆ ಎರಡರ ಬಿಸಿ ಸೇರಿ ಹೊರುವ ಶಕ್ತಿ ಇನ್ನೂ ಐದನೇ ಒಂದು ಭಾಗ ಕುಗ್ಗುತ್ತದೆ. ನಮ್ಮ 10 ಸ್ಕ್ವೇರ್ ಎಂಎಂ ವೈರ್‌ನ 50 ಆಗ 40ರ ಹತ್ತಿರಕ್ಕೆ ಇಳಿದು, ಗಳಿಸಿದ ಎಡೆಯೆಲ್ಲ ಹೋಗಿಬಿಡುತ್ತದೆ. ಕಾರಿಗೆ ಪೈಪೂ ಬೇರೆಯೇ ಇರಲಿ.

ದಪ್ಪ ವೈರ್‌ನಿಂದ ಆಗುವ ಲಾಭವನ್ನು ಇನ್ನೊಂದು ಬಗೆಯಲ್ಲೂ ನೋಡಬಹುದು. ವೈರ್‌ಗೆ ತನ್ನದೇ ಅಡ್ಡಿ ಇರುತ್ತದೆ, ಆ ಅಡ್ಡಿಯನ್ನು ದಾಟುವಾಗ ವೋಲ್ಟೇಜ್ ಇಳಿಯುತ್ತದೆ, ಇಳಿದಷ್ಟೂ ಗೋಡೆಯೊಳಗೆ ಬಿಸಿಯಾಗಿ ಹೋಗುತ್ತದೆ. 20 ಮೀಟರ್ ದೂರಕ್ಕೆ 32 ಆಂಪಿಯರ್ ಹರಿಸಿದಾಗ 10 ಸ್ಕ್ವೇರ್ ಎಂಎಂ ವೈರ್‌ನಲ್ಲಿ 3 ವೋಲ್ಟ್‌ಗಿಂತ ಕಡಿಮೆ ಇಳಿಯುತ್ತದೆ, ಸುಮಾರು 90 ವ್ಯಾಟ್ ಬಿಸಿ ಹುಟ್ಟುತ್ತದೆ. 20 ಮೀಟರ್ ಉದ್ದಕ್ಕೆ ಹರಡಿಕೊಳ್ಳುವ ಆ ಬಿಸಿ ಗೋಡೆಗೆ ಏನೇನೂ ಅಲ್ಲ. ಅದೇ ಜಾಗದಲ್ಲಿ ಹಳೆಯ 2.5 ಸ್ಕ್ವೇರ್ ಎಂಎಂ ವೈರ್ ಇದ್ದರೆ 11 ವೋಲ್ಟ್‌ಗೂ ಮಿಕ್ಕಿ ಇಳಿದು, 370 ವ್ಯಾಟ್‌ನಷ್ಟು ಬಿಸಿ ಹುಟ್ಟುತ್ತದೆ. ಗೋಡೆಯೊಳಗೆ ಇಸ್ತ್ರಿಪೆಟ್ಟಿಗೆಯ ತಂತಿಯನ್ನು ರಾತ್ರಿಯಿಡೀ ಉರಿಸಿದಂತೆ ಅದು. ಪಿವಿಸಿ ಹೊದಿಕೆ 70 ಡಿಗ್ರಿಯವರೆಗೆ ತಾಳುತ್ತದೆ, ಅದರಾಚೆ ದಿನದಿಂದ ದಿನಕ್ಕೆ ಒಣಗಿ, ಬಿರುಸಾಗಿ, ಒಂದು ದಿನ ಸೀಳುತ್ತದೆ.

ಅಪಾರ್ಟ್‌ಮೆಂಟ್‌ನವರಿಗೆ ಈ ಇಳಿತದ ಲೆಕ್ಕ ಮುಖ್ಯ. ಮೀಟರ್ ಕೋಣೆಯಿಂದ ಬೇಸ್‌ಮೆಂಟಿನ ಪಾರ್ಕಿಂಗ್‌ಗೆ 60 ಮೀಟರ್ ಆದರೆ 10 ಸ್ಕ್ವೇರ್ ಎಂಎಂ ವೈರ್‌ನಲ್ಲೂ 8 ವೋಲ್ಟ್ ಇಳಿಯುತ್ತದೆ. ಅಲ್ಲಿ 16 ಸ್ಕ್ವೇರ್ ಎಂಎಂ ತಾಮ್ರಕ್ಕೆ ಹೋಗುವುದೇ ಸರಿ. ಖರ್ಚು ಉಳಿಸಲು ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ ಎಳೆಯುವುದಾದರೆ ಅದಕ್ಕಿಂತಲೂ ದಪ್ಪದ್ದು ಬೇಕು. ತಾಮ್ರಕ್ಕೆ ಅಲ್ಯೂಮಿನಿಯಂ ಸೇರುವ ಕಡೆ ಎರಡು ಲೋಹಕ್ಕೂ ಹೊಂದುವ ಬೈಮೆಟಾಲಿಕ್ ಲಗ್ ಹಾಕಲೇಬೇಕು. ಇಲ್ಲದಿದ್ದರೆ ಅಲ್ಲಿ ಕಿಲುಬು ಹಿಡಿದು ಜಾಯಿಂಟ್ ಕಾಯತೊಡಗುತ್ತದೆ.

ಜಾಯಿಂಟ್ ಎಂದಾಗ ಇಡೀ ಲೈನಿನ ಅತಿ ದುರ್ಬಲ ಜಾಗದ ಮಾತು ಬಂತು. ವೈರ್ ಸುಡುವುದಕ್ಕಿಂತ ಹೆಚ್ಚಾಗಿ ಸುಡುವುದು ಅದರ ತುದಿ. ಸ್ಕ್ರೂ ಸರಿಯಾಗಿ ಬಿಗಿಯದೆ ಅಲ್ಲಿ ಒಂದು ಓಮ್‌ನ ಇಪ್ಪತ್ತನೇ ಒಂದು ಭಾಗದಷ್ಟು ಅಡ್ಡಿ ಹುಟ್ಟಿತು ಎನ್ನಿ. 32 ಆಂಪಿಯರ್ ಹರಿದಾಗ ಬಟಾಣಿ ಗಾತ್ರದ ಆ ಜಾಗದಲ್ಲಿ 50 ವ್ಯಾಟ್ ಬಿಸಿ ಹುಟ್ಟುತ್ತದೆ. ಇದನ್ನು ಯಾವ ಎಂಸಿಬಿಯೂ ಕಂಡುಹಿಡಿಯಲಾರದು, ಏಕೆಂದರೆ ಹರಿಯುತ್ತಿರುವ ಕರೆಂಟ್ 32ಕ್ಕಿಂತ ಒಂದಿಷ್ಟೂ ಹೆಚ್ಚಿರುವುದಿಲ್ಲ. ನಮ್ಮಲ್ಲಿ ಸಿಗುವ ವೈರ್ ಸಣ್ಣ ಎಳೆಗಳ ಕಂತೆ. ಎಳೆಗಳನ್ನು ಹಾಗೇ ತಿರುಚಿ ಸ್ಕ್ರೂ ಕೆಳಗೆ ತೂರಿಸಿದರೆ ಕೆಲವು ಹೊರಗುಳಿಯುತ್ತವೆ, ಕೆಲವು ತುಂಡಾಗುತ್ತವೆ, ಉಳಿದವು ಬಿಸಿ ತಣ್ಣಗಾಗಿ ಸಡಿಲವಾಗುತ್ತವೆ. ತುದಿಗೆ ಲಗ್ ಕೂರಿಸಿ, ಕ್ರಿಂಪಿಂಗ್ ಟೂಲ್‌ನಿಂದ ಒತ್ತಿ, ಆಮೇಲೆ ಬಿಗಿಯಬೇಕು. ಇಕ್ಕಳದಿಂದ ಒತ್ತಿದ್ದು ಲೆಕ್ಕಕ್ಕಿಲ್ಲ. ಕೆಲಸದವರ ಚೀಲದಲ್ಲಿ ಕ್ರಿಂಪಿಂಗ್ ಟೂಲ್ ಇದೆಯೇ ಎಂದು ಮೊದಲೇ ಕೇಳಿಬಿಡಿ.

ಚಿಕ್ಕ ಚಾರ್ಜರ್ ಬಳಸುವವರಿಗೆ ಈ ಮಾತು ಪ್ಲಗ್ ಪಾಯಿಂಟಿಗೂ ಅನ್ವಯಿಸುತ್ತದೆ. ಸಾಮಾನ್ಯ ಮಾಡ್ಯುಲರ್ ಸಾಕೆಟ್‌ನ ಒಳಗಿನ ಹಿತ್ತಾಳೆ ಹಿಡಿ ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ಕಾರಿಗಾದರೆ ನೀಲಿ ಬಣ್ಣದ, ಮುಚ್ಚಳವಿರುವ 16 ಆಂಪಿಯರ್ ಇಂಡಸ್ಟ್ರಿಯಲ್ ಸಾಕೆಟ್ ಹಾಕುವುದು ಎಷ್ಟೋ ಮೇಲು. ಅದಕ್ಕೆ ಹೊಂದುವ ಪ್ಲಗ್ ಇರುವ ಚಾರ್ಜರ್ ಕೇಬಲ್ ಸಿಗುತ್ತದೆಯೇ ಎಂದು ಕಾರಿನವರಲ್ಲಿ ವಿಚಾರಿಸಿ. ಸಿಗದಿದ್ದರೆ, ಒಳ್ಳೆಯ ಸಾಕೆಟ್ ಹಾಕಿ, ಅದನ್ನು ಆಗಾಗ ಬದಲಿಸುವ ಪದ್ಧತಿ ಇಟ್ಟುಕೊಳ್ಳಿ. ಎಕ್ಸ್‌ಟೆನ್ಷನ್ ಬೋರ್ಡಂತೂ ಬೇಡವೇ ಬೇಡ.

ಇನ್ನು ಅರ್ಥಿಂಗ್. ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಡಾಫೆ ನಡೆಯುವುದು ಇಲ್ಲಿ, ಜೀವಕ್ಕೆ ಅತಿ ಹತ್ತಿರ ಇರುವುದೂ ಇದೇ. ಕಾರು ನಿಂತಿರುವುದು ನಾಲ್ಕು ರಬ್ಬರ್ ಚಕ್ರಗಳ ಮೇಲೆ. ಅದರ ಲೋಹದ ಮೈಗೂ ನೆಲಕ್ಕೂ ಬೇರೆ ಸಂಪರ್ಕ ಇಲ್ಲ, ಚಾರ್ಜಿಂಗ್ ಕೇಬಲ್‌ನೊಳಗಿನ ಅರ್ಥ್ ವೈರ್ ಒಂದೇ ಇರುವ ದಾರಿ. ಒಳಗೆಲ್ಲೋ ಫೇಸ್ ಸೋರಿ ಮೈಗೆ ತಾಗಿ, ಆ ಅರ್ಥ್ ವೈರೂ ಕೆಟ್ಟಿದ್ದರೆ, ಮಳೆಗೆ ಒದ್ದೆಯಾದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದವರ ಮೈಯೇ ನೆಲಕ್ಕೆ ದಾರಿಯಾಗುತ್ತದೆ.

ಹಾಗಾದರೆ ಒಳ್ಳೆಯ ಅರ್ಥ್ ಪಿಟ್ ಹೊಡೆಸಿದರೆ ಮುಗಿಯಿತೇ? ಇಲ್ಲ. ಬಹಳ ಜನ ಎಲೆಕ್ಟ್ರಿಷಿಯನ್‌ಗಳೂ ಎಡವುವ ಜಾಗ ಇದು. ನಮ್ಮ ಮನೆಯ ಪಿಟ್‌ನ ರೆಸಿಸ್ಟೆನ್ಸ್ 4 ಓಮ್ ಬಂತು, ಬೀದಿಯ ಟ್ರಾನ್ಸ್‌ಫಾರ್ಮರ್‌ನ ಅರ್ಥಿಂಗ್ 1 ಓಮ್ ಇದೆ ಎಂದುಕೊಳ್ಳಿ. ಎರಡೂ ಚೆನ್ನಾಗಿಯೇ ಇವೆ. ಕಂಬದಿಂದ ನಮ್ಮ ಮನೆಗೆ ಫೇಸ್ ನ್ಯೂಟ್ರಲ್ ಮಾತ್ರ ಬರುತ್ತವೆ, ಅರ್ಥ್ ನಮ್ಮದೇ. ಆದ್ದರಿಂದ ಕಾರಿನ ಮೈಗೆ ಫೇಸ್ ತಾಗಿದಾಗ ಕರೆಂಟ್ ನಮ್ಮ ಪಿಟ್‌ಗೆ ಇಳಿದು, ಮಣ್ಣಿನ ಮೂಲಕವೇ ಟ್ರಾನ್ಸ್‌ಫಾರ್ಮರ್‌ಗೆ ಮರಳಬೇಕು. 230 ವೋಲ್ಟನ್ನು 5 ಓಮ್‌ನಿಂದ ಭಾಗಿಸಿದರೆ ಹರಿಯುವುದು 46 ಆಂಪಿಯರ್. 40ರ ಎಂಸಿಬಿಗೆ 46 ಆಂಪಿಯರ್ ದೊಡ್ಡ ಸಂಗತಿಯೇ ಅಲ್ಲ, ಒಂದು ಗಂಟೆ ಕಳೆದರೂ ಅದು ಬೀಳದೆ ಇರಬಹುದು. ಅಷ್ಟು ಹೊತ್ತೂ ಕಾರಿನ ಮೈಮೇಲೆ 46ನ್ನು 4ರಿಂದ ಗುಣಿಸಿದಷ್ಟು, ಅಂದರೆ 184 ವೋಲ್ಟ್ ನಿಂತಿರುತ್ತದೆ. ಪಿಟ್ ಚೆನ್ನಾಗಿದೆ, ಎಂಸಿಬಿ ಚೆನ್ನಾಗಿದೆ, ಆದರೂ ಮುಟ್ಟಿದವರು ಬದುಕುವ ಖಾತರಿ ಇಲ್ಲ.

ಈ ಕಂದಕವನ್ನು ಮುಚ್ಚುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ಮರಳಿತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್‌ನಷ್ಟು ವ್ಯತ್ಯಾಸ ಕಂಡರೂ, ಅಂದರೆ ಆಂಪಿಯರ್‌ನ ನೂರರಲ್ಲಿ ಮೂರು ಭಾಗ ಬೇರೆ ದಾರಿ ಹಿಡಿದರೂ, ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಲೈನನ್ನು ಕತ್ತರಿಸುತ್ತದೆ. 46 ಆಂಪಿಯರ್ ಸೋರಿದರೆ ಇನ್ನೂ ಬಲು ಬೇಗ. ಎಂಸಿಬಿ ವೈರನ್ನು ಕಾದರೆ ಆರ್‌ಸಿಸಿಬಿ ಮನುಷ್ಯನನ್ನು ಕಾಯುತ್ತದೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ, ಕಾರಿನ ಲೈನಿಗೆ ಎರಡೂ ಬೇಕು. ಆರ್‌ಸಿಸಿಬಿ ಇದ್ದಮೇಲೆ ಅರ್ಥಿಂಗ್ ಏಕೆ ಎಂದು ಕೇಳುವವರಿದ್ದಾರೆ. ಅರ್ಥ್ ಇದ್ದರೆ ಫೇಸ್ ಸೋರಿದ ಕ್ಷಣವೇ ಕರೆಂಟ್ ಅದರೊಳಗೆ ಇಳಿದು ಆರ್‌ಸಿಸಿಬಿ ಬೀಳುತ್ತದೆ, ಆಗ ಕಾರಿನ ಹತ್ತಿರ ಯಾರೂ ಇರಬೇಕಾಗಿಲ್ಲ. ಅರ್ಥ್ ಇಲ್ಲದಿದ್ದರೆ ಯಾರಾದರೂ ಮುಟ್ಟಿ, ಅವರ ಮೈಯಲ್ಲಿ ಕರೆಂಟ್ ಹರಿದ ಮೇಲೆಯೇ ಅದು ಬೀಳುವುದು.

ಆರ್‌ಸಿಸಿಬಿಯಲ್ಲೂ ಬಗೆಗಳಿವೆ, ಕಾರಿಗೆ ಇದು ಮುಖ್ಯ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಎಸಿ ಟೈಪ್, ಅದರ ಮೈಮೇಲೆ ಒಂದೇ ಅಲೆಯ ಗುರುತು ಇರುತ್ತದೆ. ಕಾರಿನೊಳಗೆ ಎಸಿ ಡಿಸಿ ಆಗುವ ಕಾರಣ, ದೋಷ ಬಂದಾಗ ಡಿಸಿ ಕರೆಂಟೂ ಹಿಂದಕ್ಕೆ ಸೋರಬಹುದು. ಅಂಥ ಸೋರಿಕೆಗೆ ಎಸಿ ಟೈಪ್ ಮರಗಟ್ಟಿಹೋಗುತ್ತದೆ, ನಿಜವಾದ ಅಪಾಯ ಬಂದಾಗ ಬೀಳುವುದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ ಕನಿಷ್ಠ ಎ ಟೈಪ್ ಕೇಳುತ್ತದೆ. ಅದರ ಮೇಲೆ ಅಲೆಯ ಗುರುತಿನ ಕೆಳಗೆ ಅರ್ಧ ಅಲೆಗಳ ಇನ್ನೊಂದು ಗುರುತು ಇರುತ್ತದೆ. ಗೋಡೆ ಚಾರ್ಜರ್‌ನೊಳಗೇ 6 ಮಿಲಿ ಆಂಪಿಯರ್ ಡಿಸಿ ಸೋರಿಕೆ ಹಿಡಿಯುವ ವ್ಯವಸ್ಥೆ ಇದ್ದರೆ ಹೊರಗೆ ಎ ಟೈಪ್ ಸಾಕು. ಇಲ್ಲದಿದ್ದರೆ ದುಬಾರಿಯಾದ ಬಿ ಟೈಪೇ ಬೇಕು. ಚಾರ್ಜರ್ ಕೊಳ್ಳುವಾಗ ಇದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಇನ್ನೊಂದು ವಿಷಯ: ಕಾರಿನ ಲೈನನ್ನು ಮನೆಯ ಆರ್‌ಸಿಸಿಬಿಯ ನಂತರ ತೆಗೆಯಬಾರದು. ಕಾರಿನ ಡಿಸಿ ಸೋರಿಕೆ ಮನೆಯ ಆರ್‌ಸಿಸಿಬಿಯನ್ನೂ ಮರಗಟ್ಟಿಸಿ, ಬಚ್ಚಲ ಗೀಸರ್‌ಗಿದ್ದ ಕಾವಲನ್ನೂ ಕಳೆಯಬಹುದು. ಮೀಟರ್ ಆದಮೇಲಿನ ಮೇನ್ ಸ್ವಿಚ್‌ನಿಂದಲೇ ಕವಲು ತೆಗೆದು, ಕಾರಿಗೆ ಅದರದೇ ಎಂಸಿಬಿ, ಅದರದೇ ಆರ್‌ಸಿಸಿಬಿ ಇರುವ ಚಿಕ್ಕ ಡಿಬಿ ಕೂರಿಸಬೇಕು.

ಅರ್ಥ್ ಪಿಟ್ ಬಗ್ಗೆ ಹೇಳುವುದಾದರೆ, ಎರಡೂವರೆ ಮೂರು ಮೀಟರ್ ಉದ್ದದ ಜಿಐ ಪೈಪನ್ನು ನೆಟ್ಟು, ಸುತ್ತ ಇದ್ದಿಲು ಉಪ್ಪು ತುಂಬುವುದು ನಮ್ಮ ಹಳೆಯ ಕ್ರಮ. ಉಪ್ಪು ಪೈಪನ್ನು ತಿನ್ನುತ್ತದೆ, ಆದ್ದರಿಂದ ಈಗ ಬೆಂಟೊನೈಟ್ ಜೇಡಿ ತುಂಬುವುದು ಹೆಚ್ಚು ಬಾಳಿಕೆಯ ದಾರಿ. ಮಳೆಗಾಲದಲ್ಲಿ 3 ಓಮ್ ತೋರಿಸಿದ ಪಿಟ್ ಏಪ್ರಿಲ್‌ನಲ್ಲಿ ಅದರ ಎಷ್ಟೋ ಪಟ್ಟು ತೋರಿಸಬಹುದು, ಏಕೆಂದರೆ ಕರೆಂಟನ್ನು ಒಯ್ಯುವುದು ಮಣ್ಣಿನೊಳಗಿನ ತೇವ. ಬಂಡೆ ನೆಲದಲ್ಲಿ ಒಂದೇ ಪಿಟ್ ಸಾಲದಿದ್ದರೆ, ಕನಿಷ್ಠ ಪೈಪಿನ ಉದ್ದದಷ್ಟು ದೂರದಲ್ಲಿ ಇನ್ನೊಂದು ಹೊಡೆದು ಎರಡನ್ನೂ ಜೋಡಿಸಬೇಕು. ಕಾರಿಗೆ ಹೊಸ ಪಿಟ್ ಮಾಡಿಸಿದರೂ ಅದನ್ನು ಮನೆಯ ಅರ್ಥ್ ಪಟ್ಟಿಗೆ ಸೇರಿಸುವುದು ಮರೆಯಬಾರದು. ಎರಡೂ ಬೇರೆಬೇರೆ ಉಳಿದರೆ, ಒಂದು ಕೈ ಕಾರಿನ ಮೇಲೆ, ಇನ್ನೊಂದು ಕೈ ನಲ್ಲಿಯ ಮೇಲೆ ಇಟ್ಟವರಿಗೆ ಎರಡು ಅರ್ಥ್‌ಗಳ ನಡುವಿನ ವೋಲ್ಟೇಜ್ ತಾಗುವ ಸಂದರ್ಭ ಬರುತ್ತದೆ. ಪಿಟ್‌ನಿಂದ ಚಾರ್ಜರ್‌ವರೆಗಿನ ಅರ್ಥ್ ವೈರ್ ಕೂಡ ಹಸಿರು ಬಣ್ಣದ್ದಾಗಿ, ಫೇಸ್ ವೈರ್‌ನಷ್ಟೇ ದಪ್ಪ, ನಮ್ಮ ಮನೆಯಲ್ಲಿ 10 ಸ್ಕ್ವೇರ್ ಎಂಎಂ ಇರಲಿ.

ಈಗ ಒಂದು ಭಯಂಕರ ಉಪಾಯದ ಬಗ್ಗೆ ಎಚ್ಚರಿಸಲೇಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಬಹುತೇಕ ಚಾರ್ಜರ್‌ಗಳು ಕೆಂಪು ದೀಪ ತೋರಿಸಿ ಕೆಲಸ ನಿಲ್ಲಿಸುತ್ತವೆ. ಆಗ ಕೆಲವರು ಸಾಕೆಟ್‌ನ ಹಿಂದೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿಬಿಡುತ್ತಾರೆ. ಕೆಂಪು ದೀಪ ಹೋಗುತ್ತದೆ, ಕಾರು ಚಾರ್ಜ್ ಆಗುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಈಗ ಕಾರಿನ ಮೈ ನ್ಯೂಟ್ರಲ್‌ಗೆ ಸೇರಿಕೊಂಡಿದೆ. ಗಾಳಿ ಮಳೆಗೆ ಕಂಬದಲ್ಲೋ ಮೀಟರ್‌ನಲ್ಲೋ ನ್ಯೂಟ್ರಲ್ ಕಳಚಿದ ದಿನ, ಮನೆಯ ಫ್ಯಾನು ಲೈಟುಗಳ ಮೂಲಕ ಬಂದ ಫೇಸ್ ಮರಳಲು ದಾರಿ ಕಾಣದೆ ಆ ತುಂಡು ವೈರ್ ಹಿಡಿದು ಕಾರಿನ ಮೈಗೆ ಬಂದು ನಿಲ್ಲುತ್ತದೆ, ಪೂರ್ತಿ 230 ವೋಲ್ಟ್. ಇಂಥ ಕಡೆ ಆರ್‌ಸಿಸಿಬಿಯೂ ಇಲ್ಲದಿದ್ದರೆ ತಡೆಯಲು ಏನೂ ಉಳಿದಿರುವುದಿಲ್ಲ. ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಕಾರು ಚಾರ್ಜ್ ಆಗುತ್ತಿರುವಾಗ ಅದೇ ಲೈನಿನ ತುದಿಯಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಲ್ಟಿಮೀಟರ್ ಹಿಡಿಸಿ. ಕರೆಂಟ್ ಹರಿಯುತ್ತಿರುವ ನ್ಯೂಟ್ರಲ್‌ನಲ್ಲಿ ಒಂದೆರಡು ವೋಲ್ಟ್ ಕಾಣುವುದು ಸಹಜ. ಕರಾರುವಾಕ್ಕಾಗಿ ಸೊನ್ನೆ ತೋರಿಸಿದರೆ ಎಲ್ಲೋ ಎರಡನ್ನೂ ಸೇರಿಸಿದ್ದಾರೆ ಎಂದು ಅನುಮಾನಿಸಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಅರ್ಥ್ ಅಥವಾ ನ್ಯೂಟ್ರಲ್ ಕೆಟ್ಟಿದೆ.

ಕೆಲಸ ಮುಗಿದ ದಿನ ಮಾಡಿಸಬೇಕಾದ ಪರೀಕ್ಷೆಗಳಲ್ಲಿ ಅರ್ಥ್ ಟೆಸ್ಟರ್‌ನಿಂದ ಪಿಟ್‌ನ ರೆಸಿಸ್ಟೆನ್ಸ್ ಅಳೆಸುವುದು ಒಂದು. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಬಿತ್ತಲ್ಲ ಎಂದು ಇದನ್ನು ಬಿಡಬಾರದು. ಆ ಗುಂಡಿ ಆರ್‌ಸಿಸಿಬಿಯ ಒಳಗನ್ನು ಮಾತ್ರ ಪರೀಕ್ಷಿಸುತ್ತದೆ, ಮನೆಗೆ ಅರ್ಥ್ ಪಿಟ್ಟೇ ಇಲ್ಲದಿದ್ದರೂ ಒತ್ತಿದರೆ ಬೀಳುತ್ತದೆ. ಆದರೂ ತಿಂಗಳಿಗೊಮ್ಮೆ ಅದನ್ನು ಒತ್ತುವ ಅಭ್ಯಾಸ ಇರಲಿ. ಇನ್ನೊಂದು, ಚಾರ್ಜರ್‌ನ ತುದಿಯಲ್ಲಿ ಮತ್ತು ಮೀಟರ್ ಬೋರ್ಡ್‌ನಲ್ಲಿ ಚಾರ್ಜ್ ಆಗುವ ಮುಂಚೆ ಒಮ್ಮೆ, ಪೂರ್ತಿ 32 ಆಂಪಿಯರ್ ಹರಿಯುವಾಗ ಒಮ್ಮೆ ವೋಲ್ಟೇಜ್ ನೋಡುವುದು. ನಮ್ಮ ಮನೆಯಲ್ಲಿ ಇವೆರಡರ ನಡುವಿನ ಲೈನಿನಲ್ಲಿ 3 ವೋಲ್ಟ್‌ನ ಆಸುಪಾಸು ಇಳಿಯಬೇಕೆಂದು ಲೆಕ್ಕ ಹೇಳುತ್ತದೆ. 7 ಅಥವಾ 8 ಇಳಿದರೆ ನಡುವೆ ಎಲ್ಲೋ ಸಡಿಲ ಸ್ಕ್ರೂ ಇದೆ, ಇಲ್ಲವೇ ಹೇಳಿದ ದಪ್ಪದ ವೈರ್ ಹಾಕಿಲ್ಲ. ಕೊನೆಯದಾಗಿ, ಒಂದು ಗಂಟೆ ಚಾರ್ಜ್ ಆದಮೇಲೆ ಎಂಸಿಬಿಯ ಮುಖ, ಪ್ಲಗ್ಗಿನ ಮೈ ಎಷ್ಟು ಕಾದಿವೆ ಎಂದು ನೋಡುವುದು. ಉಗುರುಬೆಚ್ಚಗಿದ್ದರೆ ಸರಿ. ಕೈ ಇಟ್ಟುಕೊಂಡಿರಲು ಆಗದಷ್ಟು ಬಿಸಿಯಾದರೆ ಅಂದೇ ನಿಲ್ಲಿಸಿ, ತುದಿಗಳನ್ನು ಬಿಚ್ಚಿ ನೋಡಿಸಬೇಕು.

ಈ ಕೆಲಸವನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ. ಪಿಟ್‌ನ ಓಮ್ ಎಷ್ಟು, ವೈರ್‌ನ ದಪ್ಪ ಎಷ್ಟು, ಆರ್‌ಸಿಸಿಬಿ ಯಾವ ಟೈಪಿನದು, ಲೈನಿನಲ್ಲಿ ವೋಲ್ಟೇಜ್ ಎಷ್ಟು ಇಳಿಯಿತು ಎಂಬ ನಾಲ್ಕು ಸಂಗತಿಗಳನ್ನು ಚೀಟಿಯಲ್ಲಿ ಬರೆಸಿ, ದಿನಾಂಕ ಹಾಕಿಸಿ, ಡಿಬಿಯ ಬಾಗಿಲ ಒಳಬದಿಗೆ ಅಂಟಿಸಿಕೊಳ್ಳಿ. ಮುಂದಿನ ಬೇಸಿಗೆಯಲ್ಲಿ ಮತ್ತೆ ಅಳೆಸಿದಾಗ ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಈ ಅಳತೆಗಳನ್ನು ನಿಮ್ಮ ಎದುರಿಗೆ ತೋರಿಸುವವರೆಗೆ ಕೆಲಸದ ಕೊನೆಯ ಕಂತಿನ ಹಣ ಕೊಡಬೇಡಿ.